ತಂಗಿಯ ಮದುವೆಗೆ ಇನ್ನೂ ಎಂಟು ವರ್ಷ ಇದೆ, ಅಲ್ಲಿಯವರೆಗೆ ದುಡ್ಡು ಎಲ್ಲಿಡಲಿ?

ನೀರ್ಚಾಲು ಹುಡುಗ
ಎಲ್ಲರಿಗೂ ನಮಸ್ಕಾರ. ನನಗೆ 27. ಕಾಸರಗೋಡು ಪೇಟೆಯಲ್ಲಿ ಒಂದು ಆಫೀಸಿನಲ್ಲಿ ಕೆಲಸ, ಸಂಬಳ 34 ಸಾವಿರ. ಮನೆಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಕಳೆದ ಮಳೆಗಾಲ ಕೊಳೆರೋಗ ಬಂದು ಅರ್ಧ ಫಸಲು ಬಿದ್ದುಹೋಯಿತು, ಅದಿರಲಿ.

ತಂಗಿಗೆ 17, ಈಗ ಪ್ಲಸ್ ಟು. ಅವಳು ಡಿಗ್ರಿ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಲಿ, 25ಕ್ಕೆ ಮದುವೆ ನೋಡೋಣ ಅಂತ ಮನೆಯಲ್ಲಿ ಮಾತು. ಅಂದರೆ ಎಂಟು ವರ್ಷ. ನಾನು ತಿಂಗಳಿಗೆ 12 ಸಾವಿರ ತೆಗೆದಿಡಬಹುದು. ಅಡಿಕೆ ಮಾರಿದಾಗ ಅಪ್ಪ ವರ್ಷಕ್ಕೊಮ್ಮೆ 40 ಸಾವಿರ ಕೊಡ್ತೇನೆ ಅಂದಿದ್ದಾರೆ. ಬ್ಯಾಂಕಿನಲ್ಲಿ ಒಂದು ಲಕ್ಷ ಸುಮ್ನೆ ಬಿದ್ದಿದೆ.

ಅಪ್ಪ ಹೇಳುವುದು ಎಲ್ಲಾ ಚಿನ್ನ ತೆಗೆದಿಡು ಅಂತ. ಪಕ್ಕದ ಮನೆಯವರು ಚಿಟ್ಟಿ ಸೇರು ಅಂತಾರೆ. ಆಫೀಸಿನ ಗೆಳೆಯ ಮೊಬೈಲ್ ತೋರಿಸಿ, ಸಣ್ಣ ಕಂಪನಿಗಳ ಶೇರು ಕೊಳ್ಳುವ ಸ್ಮಾಲ್ ಕ್ಯಾಪ್ ಫಂಡಿಗೆ ಪೂರ್ತಿ ಹಾಕು, ಮೂರು ಪಟ್ಟು ಆಗುತ್ತೆ ಅಂತಾನೆ. ಮಾವ ಒಬ್ಬರು ಶೇರಿನ ಟಿಪ್ಸ್ ಗುಂಪು ನಂಬಿ ದುಡ್ಡು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಈ ದುಡ್ಡಿನಲ್ಲಿ ಜೂಜು ಆಡಲು ನನಗೆ ಧೈರ್ಯ ಇಲ್ಲ. ಏನು ಮಾಡಲಿ?

ಉಪ್ಪಳ ಎಕ್ಸ್‌ಪ್ರೆಸ್
ಸುಕನ್ಯಾ ಸಮೃದ್ಧಿ ಮಾಡಿ ಮಾರಾಯ್ರೆ. 8.2 ಬಡ್ಡಿ, ತೆರಿಗೆ ಇಲ್ಲ. ಮದುವೆಗೇ ಅಂತ ಮಾಡಿದ ಸ್ಕೀಮು. ನಾನು ಮಗಳಿಗೆ ಮಾಡಿದ್ದೇನೆ.

ಪೆರ್ಲದ ಪೋಸ್ಟು
ನಿಮ್ಮ ಮಗಳಿಗೆ ಎಷ್ಟು ವಯಸ್ಸು? ಆ ಖಾತೆ ತೆರೆಯಲು ಹುಡುಗಿಗೆ ಹತ್ತು ವರ್ಷ ತುಂಬಿರಬಾರದು. ಇವರ ತಂಗಿಗೆ 17. ಅದೂ ಅಲ್ಲದೆ ಅಣ್ಣ ತೆರೆಯುವ ಖಾತೆ ಅಲ್ಲ, ಅಪ್ಪ ಅಮ್ಮ ಅಥವಾ ಕಾನೂನು ಪ್ರಕಾರ ಪೋಷಕರು ತೆರೆಯಬೇಕು.

ಉಪ್ಪಳ ಎಕ್ಸ್‌ಪ್ರೆಸ್
ಓ, 17 ಅಂತ ಓದಲಿಲ್ಲ. ನನ್ನ ಮಗಳಿಗೆ ನಾಲ್ಕು. ಹಾಗಾದ್ರೆ ಪಿಪಿಎಫ್?

ಪೆರ್ಲದ ಪೋಸ್ಟು
ಹೊಸದಾಗಿ ತೆರೆದರೆ 15 ವರ್ಷ. ಮಧ್ಯದಲ್ಲಿ ಸ್ವಲ್ಪ ತೆಗೆಯಬಹುದು, ಪೂರ್ತಿ ಅಲ್ಲ. ಅಪ್ಪನ ಹೆಸರಲ್ಲಿ ಹಳೇ ಖಾತೆ ಇದ್ದರೆ ಬೇರೆ ಮಾತು.

ಕುಂಬಳೆ ಕಿಟ್ಟಣ್ಣ
ಅಪ್ಪ ಹೇಳಿದ್ದೇ ಸರಿ. ಚಿನ್ನ ಯಾವತ್ತೂ ಕೆಳಗೆ ಬರುವುದಿಲ್ಲ. 2018ರಲ್ಲಿ ಎಂಟು ಗ್ರಾಮಿನ ಪವನಿಗೆ 23 ಸಾವಿರದ ಆಸುಪಾಸು ಇತ್ತು. 2025ರ ಅಕ್ಟೋಬರದಲ್ಲಿ 90 ಸಾವಿರ ದಾಟಿತು. ಯಾವ ಫಂಡು ಇಷ್ಟು ಕೊಟ್ಟಿದೆ? 12 ಸಾವಿರ ಪೂರ್ತಿ ಚಿನ್ನಕ್ಕೆ ಹಾಕು ತಮ್ಮ.

ಬದಿಯಡ್ಕ ಮಾಷ್ಟ್ರು
ಕಿಟ್ಟಣ್ಣ, ಅದಕ್ಕಿಂತ ಆರು ವರ್ಷ ಹಿಂದೆ ಹೋಗಿ ನೋಡಿ. 2012ರ ಕೊನೆಗೆ ಪವನಿಗೆ 23-24 ಸಾವಿರ ಇತ್ತು. 2018ರಲ್ಲೂ ಅಷ್ಟೇ. ಆರು ವರ್ಷ ಒಂದು ರೂಪಾಯಿ ಏರಲಿಲ್ಲ ಅನ್ನಬಹುದು. 2012ರಲ್ಲಿ ಎಲ್ಲಾ ದುಡ್ಡನ್ನೂ ಚಿನ್ನಕ್ಕೆ ಹಾಕಿ 2018ರಲ್ಲಿ ಅದನ್ನೇ ಮಾರಿ ಊಟದ ಬಿಲ್ಲು ಕೊಡಲು ಹೋದವನಿಗೆ ಏನು ಸಿಕ್ಕೀತು?

ನೀರ್ಚಾಲು ತಮ್ಮಾ, ನೀನು ಹೂಡಿಕೆ ಯಾವುದು ಅಂತ ಕೇಳಿದೆ. ಅದಕ್ಕೆ ಮೊದಲು ಮದುವೆಗೆ ಏನೇನು ಬೇಕು ಅಂತ ಬರೆದುಕೋ. ಮದುವೆ ಖರ್ಚು ಅಂದರೆ ಒಂದು ಮೊತ್ತ ಅಲ್ಲ, ಎರಡು. ಒಂದು ರೂಪಾಯಿಯಲ್ಲಿ ಕೊಡುವುದು: ಹಾಲ್, ಊಟ, ಬಟ್ಟೆ, ಫೋಟೋ. ಇನ್ನೊಂದು ಪವನಿನಲ್ಲಿ ಕೊಡುವುದು. ಎರಡನ್ನೂ ಕಲಸಿ "ಇಪ್ಪತ್ತು ಲಕ್ಷ ಬೇಕು" ಅಂತ ಕೂತರೆ ಲೆಕ್ಕ ಯಾವತ್ತೂ ಸರಿ ಬರುವುದಿಲ್ಲ. ಚಿನ್ನದ ರೇಟು ನಾಳೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲವಲ್ಲ. ಆದರೆ ತಂಗಿಗೆ ಎಷ್ಟು ಪವನು ಅಂತ ನಿಮಗೆ ಗೊತ್ತಿರುತ್ತದೆ.

ಮನೆಯಲ್ಲಿ ಎಷ್ಟು ಪವನು ಹಾಕಬೇಕು ಅಂತ ಇದೆ? ಅಮ್ಮನದ್ದು ಏನಾದರೂ ಇದೆಯಾ?

ನೀರ್ಚಾಲು ಹುಡುಗ
ಮಾಷ್ಟ್ರೇ, ಹತ್ತು ಪವನು ಅಂತ ಅಮ್ಮನ ಆಸೆ. ಅಮ್ಮನ ಎರಡು ಬಳೆ, ಒಂದು ಸರ ಸೇರಿ ನಾಲ್ಕು ಪವನು ಇದೆ, ಅದು ಅವಳಿಗೇ ಅಂತ ಹೇಳಿದ್ದಾರೆ. ಊಟ, ಹಾಲ್ ಎಲ್ಲಾ ಎಷ್ಟು ಆಗಬಹುದು ಅಂತ ನನಗೆ ಅಂದಾಜೇ ಇಲ್ಲ.

ಮುಳ್ಳೇರಿಯ ಭಟ್ರು
ಕಳೆದ ವರ್ಷ ನಮ್ಮ ಚಿಕ್ಕಪ್ಪನ ಮಗಳ ಮದುವೆಯ ಲೆಕ್ಕದ ಪುಸ್ತಕ ಬರೆದವನು ನಾನೇ. ಈಗಲೂ ಕಪಾಟಿನಲ್ಲಿ ಇದೆ, ತೆಗೆದು ನೋಡಿದೆ. ಹಾಲ್ 75 ಸಾವಿರ. ಊಟ 650 ಎಲೆ, ಎಲೆಗೆ 280, ಅಂದರೆ 1,82,000. ಶಾಮಿಯಾನ, ಹೂವು, ಮಂಟಪ 60 ಸಾವಿರ. ಫೋಟೋ ವೀಡಿಯೋ 80. ಬಟ್ಟೆ 90. ಪುರೋಹಿತರು, ವಾದ್ಯ 25. ಬಸ್ಸು 18. ಆಮಂತ್ರಣ ಪತ್ರಿಕೆ, ಅದು ಇದು ಅಂತ 50. ಒಟ್ಟು 5 ಲಕ್ಷ 80 ಸಾವಿರ. ಚಿನ್ನ ಇದರಲ್ಲಿ ಇಲ್ಲ.

500 ಎಲೆ ಅಂತ ಹೇಳಿದ್ದೆವು. 650 ಆಯಿತು. ಎರಡನೇ ಪಂಕ್ತಿಗೆ ಹೋಳಿಗೆ ಸಾಲದೆ ಬದಿಯಡ್ಕಕ್ಕೆ ಓಡಿದ್ದು ನನಗೆ ಮಾತ್ರ ಗೊತ್ತು.

ಸೀತಾಂಗೋಳಿ ಅಕ್ಕ
ಫೋಟೋಕ್ಕೆ 80 ಸಾವಿರ!! ಊಟಕ್ಕಿಂತ ಫೋಟೋ ಮುಖ್ಯ ಆಗಿದೆ ಈಗ.

ಬದಿಯಡ್ಕ ಮಾಷ್ಟ್ರು
ಭಟ್ರು ಪುಣ್ಯಾತ್ಮರು, ಇಂಥ ಲೆಕ್ಕ ಯಾರೂ ಕೊಡುವುದಿಲ್ಲ. 6 ಲಕ್ಷ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ ನೂರಕ್ಕೆ ಆರೇಳರಂತೆ ಏರಿದರೆ ಎಂಟು ವರ್ಷಕ್ಕೆ ಅದು ಸುಮಾರು 10 ಲಕ್ಷ ಆಗುತ್ತದೆ. ಇದು ನಿನ್ನ ರೂಪಾಯಿ ಪಾಲು. ನೂರಕ್ಕೆ ಆರೂವರೆ ಬಡ್ಡಿ ಸಿಕ್ಕಿದರೆ ತಿಂಗಳಿಗೆ 8 ಸಾವಿರ ಕಟ್ಟಿದರೆ 10 ಲಕ್ಷ ಬರುತ್ತದೆ.

ಇನ್ನು ಚಿನ್ನ. ಹತ್ತರಲ್ಲಿ ನಾಲ್ಕು ಇದೆ, ಉಳಿದದ್ದು ಆರು ಪವನು, ಅಂದರೆ 48 ಗ್ರಾಂ. ಎಂಟು ವರ್ಷ ಅಂದರೆ 96 ತಿಂಗಳು. ತಿಂಗಳಿಗೆ ಅರ್ಧ ಗ್ರಾಂ, ಅಷ್ಟೇ. ಗ್ರಾಮಿಗೆ 12 ಸಾವಿರ ಅಂತ ಇಟ್ಟರೆ ತಿಂಗಳಿಗೆ 6 ಸಾವಿರ. ಎರಡೂ ಸೇರಿ 14 ಸಾವಿರ. ನಿನ್ನ 12 ಸಾವಿರ, ಅಪ್ಪನ 40 ಸಾವಿರವನ್ನು ತಿಂಗಳಿಗೆ ಹಂಚಿದರೆ ಮೂರು ಸಾವಿರ ಚಿಲ್ಲರೆ. ಸಾಕಾಗುತ್ತದೆ. ಮೂರು ಪಟ್ಟು ಮಾಡಿಕೊಡುವ ಫಂಡು ನಿನಗೆ ಬೇಕಾಗಿಯೇ ಇಲ್ಲ.

ಮಂಗಳೂರು ಟು ಮಂಜೇಶ್ವರ
ಆದರೆ ಈಗ ಚಿನ್ನ ಆಕಾಶದಲ್ಲಿದೆ ಅಲ್ವಾ ಸರ್? ಇಳಿದ ಮೇಲೆ ತಗೊಂಡರೆ ಆಗದಾ? ನಾನಂತೂ ಕಾಯ್ತಾ ಇದ್ದೇನೆ.

ಬದಿಯಡ್ಕ ಮಾಷ್ಟ್ರು
ನೀವು ಎಷ್ಟು ವರ್ಷದಿಂದ ಕಾಯ್ತಾ ಇದ್ದೀರಿ?

ಮಂಗಳೂರು ಟು ಮಂಜೇಶ್ವರ
ಪವನಿಗೆ 40 ಸಾವಿರ ಇದ್ದಾಗಿನಿಂದ 😄

ಬದಿಯಡ್ಕ ಮಾಷ್ಟ್ರು
ಅದೇ ನಾನು ಹೇಳುವುದು. ಲಾಭಕ್ಕಾಗಿ ಚಿನ್ನ ಕೊಳ್ಳುವವನಿಗೆ ರೇಟಿನ ಚಿಂತೆ. ಇವನಿಗೆ ಬೇಕಾದದ್ದು 48 ಗ್ರಾಂ. ನಾಳೆ ರೇಟು ಇಳಿದರೆ ಇವನ ಹಳೇ ಗ್ರಾಮಿನ ಬೆಲೆ ಇಳಿಯಿತು ಅಂತ ಬೇಸರ ಬೇಡ, ಮುಂದಿನ ಗ್ರಾಂಗಳು ಅಗ್ಗಕ್ಕೆ ಸಿಗುತ್ತವೆ. ಏರಿದರೆ ಆಗಲೇ ಕೂಡಿಟ್ಟ ಗ್ರಾಂ ಕೈಯಲ್ಲಿದೆ. ಎರಡೂ ಕಡೆ ಮದುವೆ ದಿನ ತೂಕ ಸರಿ ಇರುತ್ತದೆ. ಹೆಚ್ಚೆಂದರೆ ಏನಾಗಬಹುದು? ರೇಟು ಏರಿ ತಿಂಗಳ 6 ಸಾವಿರಕ್ಕೆ ಅರ್ಧ ಗ್ರಾಂ ಬರದೇ ಇರಬಹುದು. ಆಗ ಅಡಿಕೆ ದುಡ್ಡು ಬಂದಾಗ ಕಡಿಮೆ ಬಿದ್ದ ಗ್ರಾಂ ತುಂಬಿಸಬೇಕು. ಪುಸ್ತಕದಲ್ಲಿ ರೂಪಾಯಿ ಬರೆಯಬೇಡ ತಮ್ಮಾ, ಗ್ರಾಂ ಬರಿ.

ಕುಂಬಳೆ ಕಿಟ್ಟಣ್ಣ
ಹಾಗಾದ್ರೆ ಜ್ಯುವೆಲ್ಲರಿಯ ಹನ್ನೊಂದು ತಿಂಗಳ ಸ್ಕೀಮಿಗೆ ಸೇರಲಿ. ಹನ್ನೊಂದು ಕಂತು ಕಟ್ಟಿದರೆ ಮಜೂರಿ ಬಿಡ್ತಾರೆ. ನಾವೆಲ್ಲ ಹಾಗೇ ಮಾಡಿದ್ದು.

ಸೀತಾಂಗೋಳಿ ಅಕ್ಕ
ಕಿಟ್ಟಣ್ಣ, ನಮ್ಮ ಅತ್ತೆ ಹಾಗೇ ಮಾಡಿದ್ದು. ಸ್ಕೀಮು ಮುಗಿಯುವ ಹೊತ್ತಿಗೆ ಅಂಗಡಿಯ ಶಟರ್ ಕೆಳಗೆ. ಆರು ತಿಂಗಳು ಅಲೆದರು, ಪೊಲೀಸ್ ಕಂಪ್ಲೇಂಟ್ ಕೊಟ್ಟರು, ಇವತ್ತಿನವರೆಗೆ ಒಂದು ರೂಪಾಯಿ ಬಂದಿಲ್ಲ. ಅಂಗಡಿ ಉದ್ಘಾಟನೆಗೆ ಎಷ್ಟು ದೊಡ್ಡವರು ಬಂದಿದ್ದರು ಅಂತ ನೋಡಿಯೇ ಅವರು ನಂಬಿದ್ದು.

ಪೆರ್ಲದ ಪೋಸ್ಟು
ಆ ಸ್ಕೀಮು ಹನ್ನೊಂದು ತಿಂಗಳು ಯಾಕೆ ಗೊತ್ತಾ? ಒಂದು ವರ್ಷ ದಾಟಿದರೆ ಕಾನೂನಿನ ಪ್ರಕಾರ ಅದು ಡೆಪಾಸಿಟ್ ಆಗುತ್ತದೆ, ಅದರ ನಿಯಮಗಳೇ ಬೇರೆ. ಒಳಗೇ ಮುಗಿಸಿದರೆ ಮುಂಗಡ ಕೊಟ್ಟ ಹಾಗೆ ಲೆಕ್ಕ. ಬ್ಯಾಂಕಿನ ಹಾಗೆ ಅದಕ್ಕೆ ವಿಮೆ ಇಲ್ಲ. ಎಂಟು ವರ್ಷಕ್ಕೆ ಎಂಟು ಸಲ ಆ ಅಂಗಡಿಯನ್ನು ನಂಬಬೇಕು.

ಬದಿಯಡ್ಕ ಮಾಷ್ಟ್ರು
ಇನ್ನೊಂದು ವಿಷಯ. ಪ್ರತಿ ವರ್ಷ ಒಡವೆಯಾಗಿಯೇ ತೆಗೆದುಕೊಂಡರೆ ಎಂಟು ವರ್ಷ ಹಿಂದಿನ ಡಿಸೈನ್ ಹುಡುಗಿಗೆ ಬೇಡ ಅನಿಸಬಹುದು. ಆಗ ಮುರಿಸಿ ಮಾಡಿಸಬೇಕು, ಮಜೂರಿ ಎರಡು ಸಲ. ಡಿಮ್ಯಾಟ್ ಖಾತೆ ಮಾಡಿ, ಶೇರಿನ ಹಾಗೆ ಕೊಂಡು ಮಾರುವ, ಚಿನ್ನದ ರೇಟಿನ ಜೊತೆಗೇ ಏರಿಳಿಯುವ ಗೋಲ್ಡ್ ಇಟಿಎಫ್ ತೆಗೆದುಕೊಳ್ಳುವುದು ನನಗೆ ಸುಲಭ ಅನಿಸುತ್ತದೆ. ಸಣ್ಣ ಮೊತ್ತಕ್ಕೂ ಸಿಗುತ್ತದೆ, ಕಳ್ಳರ ಭಯ ಇಲ್ಲ. ಮದುವೆಯ ವರ್ಷ ಮಾರಿ ಒಡವೆ ಮಾಡಿಸಿ. ಆಗ ಲಾಭದ ಮೇಲೆ ತೆರಿಗೆ, ಒಡವೆಯ ಮೇಲೆ ಜಿಎಸ್‌ಟಿ, ಮಜೂರಿ ಇದೆಲ್ಲ ಬರುತ್ತದೆ. ಹಾಗಾಗಿ 48 ಗ್ರಾಮಿಗೆ ನಿಲ್ಲಿಸದೆ 54-55 ಗ್ರಾಂ ಅಂತ ಗುರಿ ಇಟ್ಟುಕೋ. ನಿನ್ನಲ್ಲಿ ತಿಂಗಳಿಗೆ ಸಾವಿರ ಚಿಲ್ಲರೆ ಉಳಿಯುತ್ತದಲ್ಲ, ಅದು ಇದಕ್ಕೆ.

ಕುಂಬಳೆ ಕಿಟ್ಟಣ್ಣ
ಕಾಗದದ ಚಿನ್ನ ನನಗೆ ನಂಬಿಕೆ ಇಲ್ಲ ಮಾಷ್ಟ್ರೇ. ಕೈಯಲ್ಲಿ ಹಿಡಿದರೆ ಮಾತ್ರ ಚಿನ್ನ.

ಪೆರ್ಲದ ಪೋಸ್ಟು
ಹಾಗಾದರೆ ಹಾಲ್‌ಮಾರ್ಕ್ ಇರುವ ನಾಣ್ಯ ತೆಗೆದುಕೊಳ್ಳಿ. ಒಡವೆಗಿಂತ ಮೇಲು.

ಅಡೂರಿನ ಅಶೋಕ
ಚಿಟ್ಟಿ ಬಗ್ಗೆ ಯಾರೂ ಹೇಳಲೇ ಇಲ್ಲ? ಕೆಎಸ್‌ಎಫ್‌ಇ ಚಿಟ್ಟಿ ಕೇರಳ ಸರ್ಕಾರದ್ದು. ನಾನು ಎರಡು ಚಿಟ್ಟಿ ಮುಗಿಸಿದ್ದೇನೆ. ನೂರಕ್ಕೆ ಹನ್ನೆರಡು ಗ್ಯಾರಂಟಿ ಬರುತ್ತದೆ. ಬ್ಯಾಂಕಿನಲ್ಲಿ ಇಡುವವರು ಮೂರ್ಖರು.

ಪೆರ್ಲದ ಪೋಸ್ಟು
ಸರ್ಕಾರದ್ದು ಅನ್ನುವುದು ಸರಿ. ಹನ್ನೆರಡು ಗ್ಯಾರಂಟಿ ಅನ್ನುವುದು ಸರಿ ಅಲ್ಲ. ಲೆಕ್ಕ ಮಾಡೋಣ ಅಶೋಕಣ್ಣ. ತಿಂಗಳಿಗೆ 10 ಸಾವಿರ, 50 ತಿಂಗಳು, 5 ಲಕ್ಷದ ಚಿಟ್ಟಿ. ಮೊದಲ ತಿಂಗಳುಗಳಲ್ಲಿ ದುಡ್ಡಿನ ಅಗತ್ಯ ಇದ್ದವರು ಜಾಸ್ತಿ. ಹರಾಜಿನಲ್ಲಿ ನೂರಕ್ಕೆ 30ರವರೆಗೆ ಬಿಟ್ಟು ಕರೆಯುತ್ತಾರೆ, ಅವರಿಗೆ ಕೈಗೆ ಬರುವುದು ಮೂರೂವರೆ ಲಕ್ಷ. ಅವರು ಬಿಟ್ಟದ್ದರಲ್ಲಿ 5 ಭಾಗ ನಡೆಸುವವರ ಕಮಿಷನ್, ಉಳಿದ 25 ಭಾಗ ನಮಗೆಲ್ಲ ಹಂಚಿಕೆ. 1,25,000ವನ್ನು 50 ಜನಕ್ಕೆ ಹಂಚಿದರೆ ತಲೆಗೆ 2,500. ಆಗ ನೀವು ಕಟ್ಟುವುದು 7,500.

ಈ ಹಂಚಿಕೆ ಕೊನೆಯವರೆಗೂ ಇಷ್ಟೇ ಇರುವುದಿಲ್ಲ. ಕರೆಯುವವರು ಕಡಿಮೆಯಾದ ಹಾಗೆ ಅದೂ ಇಳಿಯುತ್ತದೆ. ಕೊನೆಗೆ ತೆಗೆದರೆ ಕೈಗೆ 4,75,000. ಎಷ್ಟು ಬಡ್ಡಿ ಬಿತ್ತು ಅನ್ನುವುದು ನಿಮ್ಮ ಗುಂಪಿನವರು ಹೇಗೆ ಕರೆದರು ಅನ್ನುವುದರ ಮೇಲೆ ನಿಂತಿದೆ. ಮೊದಲೇ ಯಾರೂ ಹೇಳಲಾರರು. ಚಿಟ್ಟಿ ನಿಜಕ್ಕೂ ಉಪಯೋಗ ಆಗುವುದು ಮದುವೆ ಇದ್ದಕ್ಕಿದ್ದ ಹಾಗೆ ಎರಡು ವರ್ಷ ಮೊದಲೇ ಬಂದರೆ, ಕರೆದು ದುಡ್ಡು ಎತ್ತಬಹುದು ಅನ್ನುವ ಕಾರಣಕ್ಕೆ. ಅದಕ್ಕೂ ಜಾಮೀನು ಬೇಕು.

ಅಡೂರಿನ ಅಶೋಕ
ನಾನು ಕೊನೆಯ ತಿಂಗಳಲ್ಲಿ ತೆಗೆದವನು, ನನಗೆ ಲಾಭವೇ ಆಗಿದೆ. ಹನ್ನೆರಡು ಅಂತ ನಮ್ಮ ಏಜೆಂಟ್ ಹೇಳಿದ್ದು. ನೋಟ್ ಪುಸ್ತಕ ನೋಡಿ ಹೇಳ್ತೇನೆ.

ಮುಳ್ಳೇರಿಯ ಭಟ್ರು
ಚಿಟ್ಟಿ ಬೇಡದಿದ್ದರೆ ಊರಿನ ಸೊಸೈಟಿ ಇದೆಯಲ್ಲ. ಬ್ಯಾಂಕಿಗಿಂತ ಒಂದು ಪರ್ಸೆಂಟ್ ಜಾಸ್ತಿ, ಸೆಕ್ರೆಟರಿ ನಮ್ಮವರೇ.

ಪೆರ್ಲದ ಪೋಸ್ಟು
ಭಟ್ರೇ, ಸೆಕ್ರೆಟರಿ ನಮ್ಮವರಾದರೂ ವಿಮೆ ನಮ್ಮದಲ್ಲ. ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಹಳ್ಳಿಯ ಪ್ರಾಥಮಿಕ ಸಹಕಾರ ಸಂಘಕ್ಕೆ ಆ ವಿಮೆ ಬರುವುದಿಲ್ಲ. ಬೋರ್ಡಿನಲ್ಲಿ ಸರ್ವೀಸ್ ಕೋ-ಆಪರೇಟಿವ್ ಬ್ಯಾಂಕ್ ಅಂತ ಬರೆದಿದ್ದರೂ ಅಷ್ಟೇ. ಇಂಥ ಸಂಘಗಳು ಬ್ಯಾಂಕ್ ಅಂತ ಹೆಸರು ಹಾಕಿಕೊಳ್ಳುವುದರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಕೆಯನ್ನೂ ಕೊಟ್ಟಿತ್ತು. ಎಲ್ಲಾ ಸಂಘ ಕೆಟ್ಟದು ಅಂತ ನಾನು ಹೇಳುವುದಿಲ್ಲ. ಅಡಿಕೆ ಸಾಲ, ಗೊಬ್ಬರ ಅದಕ್ಕೆಲ್ಲ ಅದೇ ಬೇಕು. ಮದುವೆಯ ಪೂರ್ತಿ ದುಡ್ಡು ಒಂದೇ ಕಡೆ ಬೇಡ ಅಂತ ಅಷ್ಟೇ.

ಸ್ಮಾಲ್ ಕ್ಯಾಪ್ ಶೆಟ್ಟಿ
ಎಂಟು ವರ್ಷ ಅಂದರೆ ದೀರ್ಘಾವಧಿ. 12 ಸಾವಿರವನ್ನೂ ಈಕ್ವಿಟಿಗೆ ಹಾಕದೆ ಆರ್‌ಡಿ ಮಾಡುವವರನ್ನು ನೋಡಿದರೆ ನಗು ಬರುತ್ತದೆ. ದೀರ್ಘಾವಧಿಯಲ್ಲಿ ಮಾರ್ಕೆಟ್ ಮೇಲೇ ಹೋಗುವುದು.

ಬದಿಯಡ್ಕ ಮಾಷ್ಟ್ರು
ಶೆಟ್ರೇ, ಮಾರ್ಕೆಟ್ ಮೇಲೆ ಹೋಗುತ್ತದೆ, ಒಪ್ಪಿದೆ. ಆದರೆ ಮುಹೂರ್ತಕ್ಕೆ ಸರಿಯಾಗಿ ಮೇಲಿರುತ್ತದಾ? 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ಮುಟ್ಟಿತ್ತು. 2009ರ ಮಾರ್ಚಿಗೆ ಎಂಟು ಸಾವಿರದ ಹತ್ತಿರ. 2020ರ ಜನವರಿಯಲ್ಲಿ 42 ಸಾವಿರ ಮುಟ್ಟಿದ್ದು ಮಾರ್ಚ್ 23ಕ್ಕೆ 26 ಸಾವಿರ. ಆಮೇಲೆ ಎದ್ದಿತು, ಸರಿ. ನಿವೃತ್ತಿಗೆ ಕೂಡಿಡುವವನು ಎರಡು ವರ್ಷ ಕಾಯಬಹುದು. ಹಾಲ್ ಬುಕ್ ಆಗಿ, ಬೀಗರ ಮನೆಗೆ ಮಾತು ಕೊಟ್ಟ ಮೇಲೆ ನಿಫ್ಟಿ ಏರಲಿ ಅಂತ ಕಾಯುತ್ತೀರಾ?

ನಾನಾದರೆ ರೂಪಾಯಿ ಪಾಲಿನ 8 ಸಾವಿರವನ್ನು ಹೀಗೆ ಇಡುತ್ತಿದ್ದೆ. ಮೊದಲ ಐದು ವರ್ಷ 5,500 ಅಂಚೆ ಕಚೇರಿಯ ಆರ್‌ಡಿಗೆ. ಈಗ 6.7 ಬಡ್ಡಿ, ಐದು ವರ್ಷದ್ದು. ಕೊನೆಗೆ ಸುಮಾರು 3.9 ಲಕ್ಷ ಬರುತ್ತದೆ. ಅದನ್ನು ಮೂರು ವರ್ಷದ ಎಫ್‌ಡಿಗೆ ಹಾಕಿದರೆ 4.7 ಲಕ್ಷ. ಐದು ಮತ್ತು ಮೂರು, ಎಂಟು. ಉಳಿದ 2,500 ಮೊದಲ ಐದು ವರ್ಷ ಮಾತ್ರ ಸೆನ್ಸೆಕ್ಸ್, ನಿಫ್ಟಿಯ ಜೊತೆಗೇ ಏರಿಳಿಯುವ ಒಂದು ಸಾದಾ ಇಂಡೆಕ್ಸ್ ಫಂಡಿಗೆ. ಆರನೇ ವರ್ಷದಿಂದ ಫಂಡಿಗೆ ಹೊಸ ದುಡ್ಡು ಬೇಡ. 8 ಸಾವಿರ ಪೂರ್ತಿ ಬ್ಯಾಂಕಿನ ಆರ್‌ಡಿಗೆ, ಮೂರು ವರ್ಷಕ್ಕೆ ಅದು 3.1-3.2 ಲಕ್ಷ. ಫಂಡಿನಲ್ಲಿ ಇರುವುದನ್ನು ಆರು ತಿಂಗಳಿಗೊಮ್ಮೆ ಆರರಲ್ಲಿ ಒಂದು ಭಾಗದಂತೆ ತೆಗೆದು ಎಫ್‌ಡಿಗೆ ಸಾಗಿಸಬೇಕು. ಮಾರ್ಕೆಟ್ ಚೆನ್ನಾಗಿದೆ, ಇನ್ನೂ ಸ್ವಲ್ಪ ಇರಲಿ ಅಂತ ಆಸೆ ಬರುತ್ತದೆ ನೋಡಿ, ಜೂಜು ಶುರುವಾಗುವುದು ಅಲ್ಲಿಂದ.

ಆರ್‌ಡಿ, ಎಫ್‌ಡಿ ಸೇರಿ 7.9 ಲಕ್ಷ ಖಾತ್ರಿ ಅನ್ನಬಹುದು. ಫಂಡಿಗೆ ಹೋದದ್ದು ಒಟ್ಟು ಒಂದೂವರೆ ಲಕ್ಷ. ಚೆನ್ನಾಗಿ ನಡೆದರೆ 10 ಲಕ್ಷ ದಾಟುತ್ತದೆ. ಕೆಟ್ಟು ನೂರಕ್ಕೆ 40 ಬಿದ್ದರೂ 90 ಸಾವಿರ ಉಳಿದು ಒಟ್ಟು ಒಂಬತ್ತರ ಹತ್ತಿರ. ಆಗ 650 ಎಲೆ ಬದಲು 550 ಎಲೆ, ಫೋಟೋದವರಿಗೆ ಸ್ವಲ್ಪ ಕಡಿಮೆ. ಮದುವೆ ನಿಲ್ಲುವುದಿಲ್ಲ.

ಪೆರ್ಲದ ಪೋಸ್ಟು
ಅಂಚೆ ಆರ್‌ಡಿ ಬಗ್ಗೆ ಒಂದು ಮಾತು. ಮೂರು ವರ್ಷ ಆದ ಮೇಲೆ ಮುರಿಸಬಹುದು, ಆದರೆ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ. ಹಾಗಾಗಿ 5,500ರದ್ದು ಒಂದೇ ಖಾತೆ ಮಾಡಬೇಡಿ, ಎರಡು ಮೂರು ಮಾಡಿ. ಅರ್ಜೆಂಟ್ ಆದರೆ ಒಂದನ್ನು ಮುರಿದರೆ ಸಾಕು.

ಮತ್ತೆ, ಮಾಷ್ಟ್ರ ಫಂಡಿನ ಭಾಗ ನಾನು ಒಪ್ಪುವುದಿಲ್ಲ. ಹದಿನಾಲ್ಕು ಸಾವಿರದಲ್ಲಿ ಲೆಕ್ಕ ಕೂಡಿ ಬರುತ್ತದೆ ಅಂತ ಅವರೇ ತೋರಿಸಿದರು. ಕೂಡಿ ಬಂದ ಮೇಲೆ 2,500 ಯಾಕೆ ಮಾರ್ಕೆಟಿಗೆ?

ಬದಿಯಡ್ಕ ಮಾಷ್ಟ್ರು
ಎಲೆಗೆ 280 ಇದ್ದದ್ದು ನೂರಕ್ಕೆ ಆರೇಳರಂತೆಯೇ ಏರುತ್ತದೆ ಅಂತ ಯಾರು ಹೇಳಿದರು? ಹತ್ತರಂತೆ ಏರಿದರೆ 6 ಲಕ್ಷ ಅನ್ನುವುದು 13 ಲಕ್ಷ ಆಗುತ್ತದೆ. ಆರ್‌ಡಿ ಬಡ್ಡಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ಸ್ವಲ್ಪ ಇರಲಿ ಅನ್ನುವುದು ಅದಕ್ಕೆ.

ಪೆರ್ಲದ ಪೋಸ್ಟು
2,500ರಿಂದ ಆ ಮೂರು ಲಕ್ಷ ತುಂಬುತ್ತದಾ? ಎಲೆ ಕಡಿಮೆ ಮಾಡಿ ಅಂತ ನಾನು ಹೇಳುವುದು. ನಾವಿಬ್ಬರೂ ಇದರಲ್ಲಿ ಒಪ್ಪುವುದಿಲ್ಲ, ಬಿಡಿ.

ಸೀತಾಂಗೋಳಿ ಅಕ್ಕ
ತಮ್ಮಾ, ಎಲ್ಲರೂ ಬಡ್ಡಿ ಲೆಕ್ಕ ಹಾಕಿದರು. ನಿನಗೆ 27. ಎಂಟು ವರ್ಷದಲ್ಲಿ ನಿನ್ನ ಮದುವೆ ಆಗೋದಿಲ್ವಾ? ಆಮೇಲೆ 12 ಸಾವಿರ ತೆಗೆದಿಡಲು ಆಗುತ್ತದಾ? ಆ ದುಡ್ಡು ನಿನ್ನ ಹೆಸರಲ್ಲಿ ಇದ್ದರೆ, ಮಗು ಹುಟ್ಟಿದಾಗ, ಮನೆ ರಿಪೇರಿ ಬಂದಾಗ ಎಲ್ಲರ ಕಣ್ಣು ಅದರ ಮೇಲೇ. ನಮ್ಮ ಮನೆಯಲ್ಲಿ ನಾದಿನಿಯ ಮದುವೆ ಅಂತ ಇಟ್ಟದ್ದು ಬಾವಿ ತೋಡಲು ಹೋಯಿತು. ತಪ್ಪು ಯಾರದ್ದೂ ಅಲ್ಲ, ನೀರು ಬೇಕಿತ್ತು.

ತಂಗಿಗೆ 18 ಆದ ಮೇಲೆ ಅವಳ ಹೆಸರಲ್ಲೇ ಮಾಡು.

ಮಂಗಳೂರು ಟು ಮಂಜೇಶ್ವರ
ಅಕ್ಕ, ಅವಳ ಹೆಸರಲ್ಲಿ ಹಾಕಿದರೆ ತೆರಿಗೆ ಸಮಸ್ಯೆ ಬರುವುದಿಲ್ವಾ? ಹೆಂಡತಿ ಹೆಸರಲ್ಲಿ ಹಾಕಿದರೆ ನಮ್ಮ ಆದಾಯಕ್ಕೇ ಸೇರಿಸ್ತಾರೆ ಅಂತ ನಮ್ಮ ಆಡಿಟರ್ ಹೇಳಿದ್ದರು.

ಪೆರ್ಲದ ಪೋಸ್ಟು
ಅದು ಹೆಂಡತಿ, ಸೊಸೆ, ಚಿಕ್ಕ ಮಕ್ಕಳ ವಿಷಯ. 18 ತುಂಬಿದ ತಂಗಿಗೆ ಕೊಟ್ಟರೆ ಹಾಗೆ ಸೇರಿಸುವುದಿಲ್ಲ. ಅಣ್ಣ ತಂಗಿಗೆ ಕೊಡುವ ದುಡ್ಡಿಗೆ ಅವಳಿಗೂ ತೆರಿಗೆ ಇಲ್ಲ. ಬ್ಯಾಂಕಿನಲ್ಲೇ ಟ್ರಾನ್ಸ್‌ಫರ್ ಮಾಡಿ, ಲೆಕ್ಕ ಇರಲಿ. ಅವಳ ಹೆಸರಿಗೆ ಹೋದ ಮೇಲೆ ಅದು ಅವಳ ದುಡ್ಡು. ಅವಳು ಎಂಎಸ್ಸಿ ಮಾಡ್ತೇನೆ, ಮದುವೆ ಬೇಡ ಅಂದರೆ ನೀವು ಕೇಳುವ ಹಾಗಿಲ್ಲ.

ಸೀತಾಂಗೋಳಿ ಅಕ್ಕ
ಹಾಗೆ ಅಂದರೆ ಒಳ್ಳೆಯದೇ ಆಯಿತಲ್ಲ!

ಕುಂಬಳೆ ಕಿಟ್ಟಣ್ಣ
ಇದೇ ಬೇಡ ಅನ್ನುವುದು. ಎಂಟು ವರ್ಷ ಕೂಡಿಟ್ಟು ಕೊನೆಗೆ ಮದುವೆ ಬೇಡ ಅಂದರೆ?

ಸೀತಾಂಗೋಳಿ ಅಕ್ಕ
ಬೇಡ ಅಂದರೆ 650 ಎಲೆ ಉಳಿಯಿತು ಕಿಟ್ಟಣ್ಣ.

ನೀರ್ಚಾಲು ಹುಡುಗ
ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅಪ್ಪ ಅಮ್ಮನಿಗೆ ಓದಿ ಹೇಳಿದೆ. ಅಪ್ಪನಿಗೆ ಗ್ರಾಂ ಲೆಕ್ಕ ಹಿಡಿಸಿತು, ಆದರೆ ಇಟಿಎಫ್ ಬೇಡ, ನಾಣ್ಯ ತೆಗೆದುಕೊಳ್ಳೋಣ ಅಂತಾರೆ. ಕಿಟ್ಟಣ್ಣನ ಮಾತೇ. ಕೊನೆಗೆ ತಿಂಗಳ ಅರ್ಧ ಗ್ರಾಂ ನನ್ನ ಇಟಿಎಫ್‌ನಲ್ಲಿ, ಅಡಿಕೆ ದುಡ್ಡಿನದ್ದು ಅಪ್ಪನ ನಾಣ್ಯ ಅಂತ ರಾಜಿ ಆಯಿತು. ಬ್ಯಾಂಕಿನ ಒಂದು ಲಕ್ಷ ಮುಟ್ಟುವುದಿಲ್ಲ. ಇನ್ನೊಂದು ಸಲ ಕೊಳೆರೋಗ ಬಂದರೆ ಅಪ್ಪನ 40 ಸಾವಿರ ಬರುವುದಿಲ್ಲವಲ್ಲ, ಅದಕ್ಕೆ ಇರಲಿ. ಫಂಡು ಬೇಕಾ ಬೇಡವಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಸೋಮವಾರ ಅಂಚೆ ಕಚೇರಿಗೆ ಹೋಗಿ 2,500, 2,000, 1,000 ಅಂತ ಮೂರು ಆರ್‌ಡಿ ಮಾಡ್ತೇನೆ. ಈಗ ನನ್ನ ಹೆಸರಲ್ಲಿ. ತಂಗಿಗೆ 18 ಆಗಲು ಏಳು ತಿಂಗಳು ಇದೆ. ಆಮೇಲಿನ ಕಂತುಗಳು ಅವಳ ಖಾತೆಗೆ.

ತಂಗಿ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಳು. ಹತ್ತು ಪವನು ಯಾರು ಕೇಳಿದ್ದು, ಆರು ಸಾಕು, ಉಳಿದದ್ದಕ್ಕೆ ಲ್ಯಾಪ್‌ಟಾಪ್ ಕೊಡಿಸು ಅಂದಳು. ಅಮ್ಮ ಇನ್ನೂ ಮಾತಾಡ್ತಾ ಇಲ್ಲ.

ಬದಿಯಡ್ಕ ಮಾಷ್ಟ್ರು
ಆರು ಪವನು ಸಾಕು ಅಂದರೆ ಕೊಳ್ಳುವುದು ಎರಡೇ ಪವನು, 16 ಗ್ರಾಂ. ಇಡೀ ಲೆಕ್ಕ ಮತ್ತೆ ಹಾಕಬೇಕಲ್ಲ ಮಾರಾಯ!

ಅಡೂರಿನ ಅಶೋಕ
ನೋಟ್ ಪುಸ್ತಕ ಸಿಕ್ಕಿತು. ಮಗನನ್ನು ಕೂರಿಸಿ ಲೆಕ್ಕ ಮಾಡಿಸಿದೆ. ಹನ್ನೆರಡು ಇಲ್ಲ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಪೆರ್ಲದವರು ನಗ್ತಾರೆ.

ಮಂಗಳೂರು ಟು ಮಂಜೇಶ್ವರ
ಭಟ್ರೇ, ಎಲೆಗೆ 280ಕ್ಕೆ ಹೋಳಿಗೆ ಸಮೇತ ಯಾರು ಮಾಡಿಕೊಟ್ಟದ್ದು? ನಮ್ಮದು ಮುಂದಿನ ಮೇ ತಿಂಗಳಲ್ಲಿ ಇದೆ.

ಮುಳ್ಳೇರಿಯ ಭಟ್ರು
ಮೆಸೇಜ್ ಮಾಡಿ, ಹೇಳ್ತೇನೆ. ಹೋಳಿಗೆ ಮಾತ್ರ ನೂರು ಜಾಸ್ತಿ ಹೇಳಿಡಿ.